ಮದುವೆಗೆ ಪೂರ್ತಿ, ಓದಿಗೆ ಅರ್ಧ

ಸುಕನ್ಯಾ ಸಮೃದ್ಧಿ ಖಾತೆಯ ನಿಯಮಗಳನ್ನು ಓದುವಾಗಲೆಲ್ಲ ಒಂದು ಜಾಗದಲ್ಲಿ ನನ್ನ ಮನಸ್ಸು ತಡೆದು ನಿಲ್ಲುತ್ತದೆ. ಮಗಳಿಗೆ 18 ತುಂಬಿದ ಮೇಲೆ, ಅಥವಾ ಅವಳು ಹತ್ತನೇ ತರಗತಿ ಪಾಸಾದ ಮೇಲೆ, ಮುಂದಿನ ಓದಿಗೆಂದು ಹಣ ತೆಗೆಯಬಹುದು. ಆದರೆ ಹಿಂದಿನ ಆರ್ಥಿಕ ವರ್ಷದ ಕೊನೆಗೆ ಖಾತೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಮಾತ್ರ, ಅದೂ ಕಾಲೇಜಿನ ಶುಲ್ಕದ ಕಾಗದ ತೋರಿಸಿ. ಅದೇ ಮಗಳಿಗೆ 18 ತುಂಬಿ ಮದುವೆ ಗೊತ್ತಾಯಿತೆನ್ನಿ, ಖಾತೆಯನ್ನೇ ಮುಚ್ಚಿ ಪೂರ್ತಿ ಹಣ ಪಡೆಯಲು ಅವಕಾಶವಿದೆ. ಮದುವೆಗೆ ಒಂದು ತಿಂಗಳು ಮೊದಲಿನಿಂದ ಮದುವೆಯಾದ ಮೂರು ತಿಂಗಳವರೆಗೆ ಅರ್ಜಿ ಕೊಡಬಹುದು.

2015ರ ಜನವರಿಯಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ, ಹೆಣ್ಣುಮಗುವನ್ನು ಉಳಿಸಿ, ಓದಿಸಿ ಎಂಬ ಅಭಿಯಾನದ ಜೊತೆಗೇ ಶುರುವಾದ ಯೋಜನೆ ಇದು. ಓದಿಸಿ ಎನ್ನುವ ಯೋಜನೆಯೇ ಓದಿಗೆ ಅರ್ಧ ಬಾಗಿಲು ತೆರೆದು ಮದುವೆಗೆ ಪೂರ್ತಿ ತೆರೆದಿದೆ. ಹಾಗೆಂದು ಯೋಜನೆಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಖಾತರಿಯಿರುವ ಸಣ್ಣ ಉಳಿತಾಯಗಳಲ್ಲಿ ಇಷ್ಟು ಬಡ್ಡಿ ಕೊಟ್ಟು, ಆ ಬಡ್ಡಿಗೆ ತೆರಿಗೆಯನ್ನೂ ಹಾಕದ ಖಾತೆ ಬೇರೆ ಸಿಗುವುದು ಕಷ್ಟ. ಆದರೆ ಹಣ ಯಾವಾಗ, ಯಾವುದಕ್ಕೆ, ಎಷ್ಟು ಹೊರಬರುತ್ತದೆ ಎಂಬುದನ್ನು ನೋಡದೆ ಬರೀ ಬಡ್ಡಿಯ ದರ ಹಿಡಿದು ಹೋಲಿಸುವ ಅಪ್ಪ ಅಮ್ಮಂದಿರೇ ಹೆಚ್ಚು.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ತಾಯಿ ಮೊನ್ನೆ ಕೇಳಿದರು: "ಅಕ್ಕಾ, ತಿಂಗಳಿಗೆ ಐದು ಸಾವಿರ ಹೆಂಗೋ ಉಳಿಸ್ತೀನಿ. ಸುಕನ್ಯಾಗೆ ಹಾಕ್ಲಾ, ಎಸ್ಐಪಿ ಮಾಡ್ಲಾ?" ಮಗಳಿಗೆ ಈಗ ಮೂರು ವರ್ಷ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಖಾತೆ ತೆರೆಯಬಹುದಾದ್ದರಿಂದ ಅದಕ್ಕೇನೂ ತೊಡಕಿಲ್ಲ. ಕುಳಿತು ಲೆಕ್ಕ ಹಾಕಿದೆವು.

ಖಾತೆ ತೆರೆದ ದಿನದಿಂದ 15 ವರ್ಷ ಹಣ ಕಟ್ಟಬೇಕು, 21 ವರ್ಷಕ್ಕೆ ಖಾತೆ ಪಕ್ವವಾಗುತ್ತದೆ. ಕೊನೆಯ ಆರು ವರ್ಷ ಕಂತಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತದೆ. ಈ 21 ವರ್ಷವನ್ನು ಎಣಿಸುವುದು ಖಾತೆಯ ದಿನದಿಂದ, ಮಗಳ ಹುಟ್ಟಿನಿಂದಲ್ಲ. ಈ ಮಗುವಿಗೆ ಹಣ ಪೂರ್ತಿ ಕೈಸೇರುವುದು 24ರಲ್ಲಿ. ಒಂಬತ್ತನೇ ವರ್ಷದಲ್ಲಿ ಖಾತೆ ತೆರೆದವಳಿಗೆ 30ರಲ್ಲಿ.

ವರ್ಷದ 60,000 ರೂಪಾಯಿಯನ್ನು ಏಪ್ರಿಲ್ ಆರಂಭದಲ್ಲೇ ಕಟ್ಟುತ್ತಾ ಹೋಗಿ, ಬಡ್ಡಿ ಉದ್ದಕ್ಕೂ ಶೇ 8.2 ಇದ್ದರೆ, 15 ವರ್ಷದ ಕೊನೆಗೆ ಸುಮಾರು 17.9 ಲಕ್ಷ, 21ರ ಕೊನೆಗೆ ಸುಮಾರು 28.7 ಲಕ್ಷ. ಕಟ್ಟಿದ್ದು 9 ಲಕ್ಷ. ಆದರೆ ಬಡ್ಡಿ ಉದ್ದಕ್ಕೂ ಹಾಗೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಕೇಂದ್ರ ಹಣಕಾಸು ಸಚಿವಾಲಯ ಅದನ್ನು ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಬದಲಾದ ದರ ಹಳೆಯ ಖಾತೆಗೂ ಅನ್ವಯಿಸುತ್ತದೆ. 2015-16ರಲ್ಲಿ ಶೇ 9.2 ಇದ್ದದ್ದು 2020ರ ಏಪ್ರಿಲ್‌ನಲ್ಲಿ 7.6ಕ್ಕೆ ಇಳಿದು, 2024ರ ಜನವರಿಯಲ್ಲಿ 8.2ಕ್ಕೆ ಬಂತು. 7.6ರಲ್ಲೇ ಉಳಿದಿದ್ದರೆ ಕೊನೆಗೆ ಸಿಗುವುದು ಸುಮಾರು 26.4 ಲಕ್ಷ.

ಇನ್ನೊಂದು ಮಾತು ಆ ತಾಯಿಗೆ ಗೊತ್ತಿರಲಿಲ್ಲ. ಪ್ರತಿ ತಿಂಗಳ ಬಡ್ಡಿಯನ್ನು ಲೆಕ್ಕ ಹಾಕುವುದು ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತದ ಮೇಲೆ. ಆರನೇ ತಾರೀಖು ಕಟ್ಟಿದ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ. ಅವರ ಗಿರಾಕಿಗಳು ದುಡ್ಡು ಕೊಡುವುದು ಸಾಮಾನ್ಯವಾಗಿ ಹತ್ತರ ಮೇಲೆ. ಹಾಗಾಗಿ ಹಿಂದಿನ ತಿಂಗಳು ಕೈಗೆ ಬಂದದ್ದನ್ನು ತೆಗೆದಿಟ್ಟು, ಒಂದನೇ ತಾರೀಖಿಗೆ ಅಂಚೆ ಕಚೇರಿಗೆ ಹೋಗುವುದೆಂದಾಯಿತು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಾದರೂ ಕಟ್ಟದಿದ್ದರೆ ಖಾತೆ ನಿಲ್ಲುತ್ತದೆ. ತಪ್ಪಿದ ವರ್ಷಕ್ಕೆ 50 ರೂಪಾಯಿ ದಂಡದಂತೆ ಕಟ್ಟಿ ಮತ್ತೆ ಚಾಲೂ ಮಾಡಿಸಬಹುದು.

ಈಗ ಷೇರು ನಿಧಿಯ ಮಾತು. ಅದೇ ಹಣ, ಅಷ್ಟೇ ಕಾಲ. ನಿಧಿ ವರ್ಷಕ್ಕೆ ಸರಾಸರಿ ಶೇ 10 ಬೆಳೆದರೆ ಸುಮಾರು 37 ಲಕ್ಷ. ಇಲ್ಲಿ ತೆರಿಗೆಯಿದೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ವಿನಾಯಿತಿ, ಉಳಿದದ್ದಕ್ಕೆ 2024ರ ಜುಲೈನಿಂದ ಶೇ 12.5. ಎಲ್ಲವನ್ನೂ ಒಂದೇ ವರ್ಷ ಮಾರಿದರೆ ಸೆಸ್ ಸೇರಿ ಸುಮಾರು ಮೂರೂವರೆ ಲಕ್ಷ ಹೋಗಿ, ಕೈಗೆ ಉಳಿಯುವುದು 33.6 ಲಕ್ಷದಷ್ಟು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಸುಕನ್ಯಾದ ತೆರಿಗೆಯಿಲ್ಲದ 8.2ಕ್ಕೆ ಸರಿಸಮ ನಿಲ್ಲಬೇಕಾದರೆ ನಿಧಿ ವರ್ಷಕ್ಕೆ ಸುಮಾರು ಶೇ 9 ಬೆಳೆಯಲೇಬೇಕು. ದೀರ್ಘ ಕಾಲದಲ್ಲಿ ಅದು ಆಗಬಹುದಾದದ್ದೇ, ಆದರೆ ಖಾತರಿಯಿಲ್ಲ. ಸುಕನ್ಯಾ ಕಂತಿಗೆ ಸಿಗುವ ತೆರಿಗೆ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರು ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ನಿಧಿಯಲ್ಲಿ ನಿಜವಾದ ಅಪಾಯ ಸರಾಸರಿಯಲ್ಲಿಲ್ಲ, ತಾರೀಖಿನಲ್ಲಿದೆ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗಿತ್ತು. ಆ ಬೇಸಿಗೆಯಲ್ಲಿ ಶುಲ್ಕ ಕಟ್ಟಬೇಕಿದ್ದ ಮಗಳಿಗೆ ಮಾರುಕಟ್ಟೆ ಮುಂದೆ ಚೇತರಿಸಿಕೊಂಡರೆಷ್ಟು, ಬಿಟ್ಟರೆಷ್ಟು? ಅದಕ್ಕೇ ಮಗಳಿಗೆ ಹದಿನೈದು ತುಂಬಿದ ಮೇಲೆ ನಿಧಿಯ ಹಣವನ್ನು ವರ್ಷಕ್ಕಿಷ್ಟರಂತೆ ಬ್ಯಾಂಕ್ ಠೇವಣಿಗೆ ಸಾಗಿಸುತ್ತಾ ಬರಬೇಕು. ಅಪ್ರಾಪ್ತ ಮಗಳ ಹೆಸರಿನ ಲಾಭ ತಂದೆ ತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಹಂಚಿ ಮಾರಿದರೆ ಪ್ರತಿ ವರ್ಷದ 1.25 ಲಕ್ಷದ ವಿನಾಯಿತಿಯೂ ದಕ್ಕುತ್ತದೆ.

ಹಾಗಾದರೆ ಸುಕನ್ಯಾದ ಬೀಗ ದೋಷವೇ? ನನಗೆ ಹಾಗನಿಸುವುದಿಲ್ಲ. ಆ ಬೀಗ ಮಗಳಿಗಲ್ಲ, ಮನೆಗೆ ಹಾಕಿದ್ದು. ಕೊಳವೆಬಾವಿ ಬತ್ತಿದಾಗ, ಅಣ್ಣನ ಅಂಗಡಿಗೆ ಬಂಡವಾಳ ಬೇಕಾದಾಗ ಮನೆಯಲ್ಲಿ ಮೊದಲು ಕರಗುವುದು ಹೆಣ್ಣುಮಗಳ ಹೆಸರಿನಲ್ಲಿ ಎತ್ತಿಟ್ಟದ್ದೇ. ನಿಧಿಯನ್ನು ಕೆಲವೇ ದಿನಗಳಲ್ಲಿ ಹಣ ಮಾಡಿಕೊಳ್ಳಬಹುದು. ಸುಕನ್ಯಾದ ಹಣ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗಂಡನ ಸಾಲದ ಒತ್ತಡ ಬಲ್ಲ ಆ ತಾಯಿಗೆ ಈ ಮಾತನ್ನು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ಆದರೆ 18ರಲ್ಲಿ ಈ ಮಗಳ ಖಾತೆಯಿಂದ ಓದಿಗೆ ಸಿಗುವುದು ಹೆಚ್ಚೆಂದರೆ ಎಂಟೂ ಮುಕ್ಕಾಲು, ಒಂಬತ್ತು ಲಕ್ಷ. ವೃತ್ತಿಶಿಕ್ಷಣದ ಶುಲ್ಕ, ಹಾಸ್ಟೆಲ್ಲು ಸೇರಿದರೆ ಅದು ಸಾಲದೆ ಹೋಗಬಹುದು. ಆಗ ಮನೆಯಲ್ಲಿ ಯಾರಾದರೂ, ಮದುವೆ ಮಾಡಿದರೆ ಪೂರ್ತಿ ಸಿಗುತ್ತದಲ್ಲ ಎಂದರೆ? ಆ ಮಾತಿಗೆ ಎಡೆಯಾಗದಿರಲೆಂದೇ ಮೂರು ಸಾವಿರ ಸುಕನ್ಯಾಗೆ, ಎರಡು ಸಾವಿರ ಸೂಚ್ಯಂಕ ನಿಧಿಗೆ ಎಂದು ಭಾಗ ಮಾಡಿದೆವು. ಓದಿನ ಕೊರತೆ ತುಂಬಲು ನಿಧಿ, 24ರಲ್ಲಿ ಅವಳ ಸ್ವಂತ ಬದುಕಿಗೆ ಸುಕನ್ಯಾ.

ಖಾತೆ ಮುಚ್ಚಲು ಅರ್ಜಿ ಹಾಕಬೇಕಾದವಳೂ ಅವಳೇ. 18 ತುಂಬಿದ ಮೇಲೆ ಸುಕನ್ಯಾ ಖಾತೆ ನಡೆಸುವ ಹಕ್ಕು ಅವಳದು, ಅಪ್ಪನ ಸಹಿಗೆ ಅಲ್ಲಿ ಜಾಗವಿಲ್ಲ. ಅವಳ ಹೆಸರಿನ ನಿಧಿಯಲ್ಲಿ ಅವತ್ತಿಗೆ ಕಂತು ನಿಲ್ಲುತ್ತದೆ. ಅವಳದೇ ಪ್ಯಾನ್, ಕೆವೈಸಿ, ಬ್ಯಾಂಕ್ ಖಾತೆ ಕೊಟ್ಟು ಪ್ರಾಪ್ತಳೆಂದು ಬದಲಿಸುವವರೆಗೆ ಮಾರಲೂ ಆಗುವುದಿಲ್ಲ. ಕಾಲೇಜು ಸೇರುವ ಗಡಿಬಿಡಿಯಲ್ಲಿ ಇದು ಗೊತ್ತಾದರೆ ಶುಲ್ಕದ ದಿನ ತಪ್ಪುತ್ತದೆ. ಅದಕ್ಕೇ ಅವಳ ಹದಿನೆಂಟರ ಹುಟ್ಟುಹಬ್ಬದ ವಾರವೇ ಅವಳನ್ನು ಜೊತೆಗೆ ಕರೆದುಕೊಂಡು ಎರಡೂ ಕಡೆ ಹೋಗಿ, ಪಾಸ್‌ಬುಕ್ಕನ್ನು ಅವಳ ಕೈಗೇ ಕೊಡಿ ಎಂದು ಆ ತಾಯಿಗೆ ಹೇಳಿ ಕಳಿಸಿದೆ.