ಬರ್ಜಿಲ್ಲೈಯು ಅರಸನ ಉಪಕಾರವನ್ನು ಒಲ್ಲೆನೆಂದದ್ದು

(2 ಸಮುವೇಲ 19:31-40)



ದಾವೀದನು ತನ್ನ ಮಗನಾದ ಅಬ್ಷಾಲೋಮನಿಗೆ ಹೆದರಿ ಯೊರ್ದನ್ ಹೊಳೆಯನ್ನು ದಾಟಿ ಮಹನಯಿಮಿಗೆ ಓಡಿಬಂದಾಗ, ಗಿಲ್ಯಾದ್ ಸೀಮೆಯ ರೋಗೆಲೀಮ್ ಊರಿನ ಬರ್ಜಿಲ್ಲೈ ಎಂಬ ಮುದುಕನು ಬೇರೆ ಇಬ್ಬರೊಡನೆ ಅವನಿಗೆ ಹಾಸಿಗೆ, ಪಾತ್ರೆ, ಗೋದಿ, ಜವೆ, ಜೇನು, ಕುರಿ ಮುಂತಾದವುಗಳನ್ನು ತಂದುಕೊಟ್ಟನು. ಯುದ್ಧವು ತೀರಿದ ಮೇಲೆ ಅರಸನು ತಿರಿಗಿ ಪಟ್ಟಣಕ್ಕೆ ಹೊರಟು ಅವನನ್ನು ಕರೆದು, ನನ್ನ ಸಂಗಡ ಯೆರೂಸಲೇಮಿಗೆ ಬಾ, ಅಲ್ಲಿ ನಿನ್ನನ್ನು ನಾನೇ ಸಾಕುವೆನು ಎಂದನು. ಕೊಟ್ಟದ್ದು ಕೆಲವು ದಿವಸಗಳ ಊಟ. ಬಂದದ್ದು ಜೀವಮಾನದ ಅರಮನೆಯ ಪಂಕ್ತಿ. ಇದು ತನಗೆ ಹೆಚ್ಚೆಂದು ಮುದುಕನಿಗೆ ತೋರಿತು.

ಅವನು ಒಲ್ಲೆನೆಂದ ರೀತಿಯನ್ನು ನಾವು ನೋಡೋಣ. ಅರಸನಲ್ಲಿ ಒಂದು ತಪ್ಪನ್ನಾದರೂ ಅವನು ಎತ್ತಲಿಲ್ಲ. ಕಾರಣವನ್ನೆಲ್ಲಾ ತನ್ನ ಕಡೆಯಿಂದಲೇ ಹೇಳಿದನು. ತನಗೆ ಎಂಭತ್ತು ವರುಷವಾಯಿತು, ಊಟದ ರುಚಿ ತಿಳಿಯದು, ಹಾಡು ಕೇಳಿಸದು, ಅರಸನಿಗೆ ಭಾರವಾಗುವದೇಕೆ ಎಂದನು. ಆದರೂ ಬರಿದಾಗಿ ತಿರುಗಿ ಹೋಗಲಿಲ್ಲ. ಯೊರ್ದನಿನಾಚೆ ಸ್ವಲ್ಪ ದೂರ ಅರಸನ ಸಂಗಡ ನಡೆಯಲು ಒಪ್ಪಿ, ತನಗೆ ಬದಲಾಗಿ ಕಿಮ್ಹಾಮನನ್ನು ಒಪ್ಪಿಸಿದನು. ಆಗ ಅರಸನು ಸಿಟ್ಟಾಗದೆ ಅವನನ್ನು ಮುದ್ದಿಟ್ಟು ಹರಸಿ ಕಳುಹಿಸಿದನು. ದಾವೀದನು ಸಾಯುವಾಗಲೂ ಬರ್ಜಿಲ್ಲೈಯ ಮಕ್ಕಳಿಗೆ ದಯೆ ತೋರಿಸಬೇಕೆಂದು ಸೊಲೊಮೋನನಿಗೆ ಆಜ್ಞಾಪಿಸಿದನು (1 ಅರಸು 2:7). ಕಾಣಿಕೆಯು ಹಿಂದಿರುಗಿತು, ಸ್ನೇಹವು ಹಿಂದಿರುಗಲಿಲ್ಲ.

ಈಗ ನಮ್ಮ ಕೆರೂರಿನ ಕಡೆಗೆ ಬರೋಣ. ಸಾವಕಾರನಿಂದ ನೂಲು ತಂದು ಕೂಲಿಗೆ ನೇಯುವ ಒಬ್ಬ ಬಡ ವಿಶ್ವಾಸಿಯ ಮನೆಯಲ್ಲಿ ಮಗಳ ಮದುವೆ ಎಂದು ಇಟ್ಟುಕೊಳ್ಳಿರಿ. ನೆಂಟರು ಇಷ್ಟರು ಒಂದೊಂದು ಕುಬಸದ ಖಣವನ್ನೋ ಹತ್ತಿಯ ಸೀರೆಯನ್ನೋ ಮುಯ್ಯಿ ಮಾಡುತ್ತಾರೆ. ಅಷ್ಟರಲ್ಲಿ ಸಾವಕಾರನು ಒಂದು ಖಣದ ಸಂಗಡ ಅಚ್ಚ ರೇಷ್ಮೆಯ ಇಲಕಲ್ಲ ಸೀರೆಯನ್ನು ಕಳುಹಿಸುತ್ತಾನೆ. ಮನೆಯವರು ಹಿಗ್ಗುತ್ತಾರೆ, ರಾತ್ರಿಯಲ್ಲಿ ತಂದೆಗೆ ನಿದ್ರೆ ಬಾರದು. ಮುಯ್ಯಿಗೆ ಮುಯ್ಯಿ ಮಾಡುವದು ನಮ್ಮ ನಾಡಿನ ವಾಡಿಕೆ. ನಾಳೆ ಆ ಮನೆಯ ಮದುವೆಗೆ ಇಂಥದ್ದನ್ನು ಒಯ್ಯಬೇಕಾದರೆ ಸಾಲ ಮಾಡಬೇಕು. ಅದಲ್ಲದೆ ಕೂಲಿಯನ್ನು ಲೆಕ್ಕಹಾಕುವ ದಿವಸ ಕಡಿಮೆ ಬಂದರೂ, ಆ ಸೀರೆಯನ್ನು ನೆನಸಿ ಬಾಯಿ ತೆರೆಯಲಾರನು. ಸಾವಕಾರನು ಒಳ್ಳೇ ಮನಸ್ಸಿನಿಂದಲೇ ಕೊಟ್ಟಿರಬಹುದು. ಆದರೂ ಹೊರೆ ಹೊರೆಯೇ.

ಇಂಥವನು ಏನು ಮಾಡಬೇಕು? ಮೊದಲು, ಸೀರೆಯ ಮಡಿಕೆಯನ್ನು ಬಿಚ್ಚದಿರಲಿ. ಉಟ್ಟ ಮೇಲೆ ತಿರಿಗಿ ಕೊಡುವದು ಅವಮಾನವೇ ಹೊರತು ವಿನಯವಲ್ಲ. ತಿಂಗಳುಗಟ್ಟಲೆ ತಡಮಾಡದೆ ಎರಡು ಮೂರು ದಿವಸಗಳೊಳಗೆ ಒಯ್ಯಲಿ. ಹುಡುಗರ ಕೈಯಲ್ಲಿ ಕಳುಹಿಸದೆ ಗಂಡಹೆಂಡರು ತಾವೇ ಹೋಗಲಿ. ಗಿರಾಕಿಗಳ ಮುಂದೆ ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ ಏಕಾಂತವಾಗಿ ಮಾತಾಡಲಿ. ಖಣವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ. ಬರ್ಜಿಲ್ಲೈಯು ಸ್ವಲ್ಪ ದೂರ ನಡೆದದ್ದು ಇದೇ. ಆಗ, “ಸಾವಕಾರರೇ, ನಮ್ಮ ಮಗಳನ್ನು ನಿಮ್ಮ ಮಗಳಂತೆ ಎಣಿಸಿದಿರಿ, ಇದನ್ನು ನಾವು ಮರೆಯುವದಿಲ್ಲ. ನಿಮ್ಮ ಖಣದ ಕುಬಸವನ್ನೇ ಅವಳು ತೊಡುವಳು. ಸೀರೆಯು ಮಾತ್ರ ನಮ್ಮ ಅಳತೆಗೆ ದೊಡ್ಡದು; ಇಟ್ಟುಕೊಂಡರೆ ನಮ್ಮ ಮನಸ್ಸಿಗೆ ನೆಮ್ಮದಿ ಇರದು. ಬೇಸರಮಾಡಿಕೊಳ್ಳದೆ ಮದುವೆಯ ಊಟಕ್ಕೆ ಮನೆಮಂದಿಯೆಲ್ಲಾ ಬರಬೇಕು” ಎನ್ನಲಿ. ಸುಳ್ಳು ನೆವವನ್ನು ಹೇಳಬಾರದು. ಬಣ್ಣ ಒಪ್ಪಲಿಲ್ಲವೆಂದರೆ ಬೇರೆ ಬಣ್ಣದ ಸೀರೆ ಬರುವದು. ಆಗ ಎರಡನೆಯ ಸುಳ್ಳು ಬೇಕಾಗುವದು. ಅವನು ಒಂದೆರಡು ಸಾರಿ ಒತ್ತಾಯ ಮಾಡಿದರೆ ಹೊಸ ಕಾರಣಗಳನ್ನು ಹುಡುಕದೆ ಅದೇ ಮಾತನ್ನು ಮೃದುವಾಗಿ ಹೇಳಲಿ. ಹೊರಗೆ ಬಂದ ಮೇಲೆ, ನಾವು ಸಾವಕಾರನ ಸೀರೆಯನ್ನೇ ಒಲ್ಲೆವೆಂದೆವೆಂದು ಓಣಿಯಲ್ಲಿ ಹೇಳಿಕೊಂಡರೆ, ವಿನಯದಿಂದ ಮಾಡಿದ್ದೆಲ್ಲಾ ಹೆಮ್ಮೆಯಾಗುವದು.

ಆದರೆ ಎಲ್ಲಾ ಕಾಣಿಕೆಗಳನ್ನೂ ಹೀಗೆ ತಳ್ಳಬಾರದು. ಪೌಲನು ಕೆಲವು ಸಭೆಗಳಿಗೆ ಭಾರವಾಗಲೊಲ್ಲದೆ ಕೈಯಾರೆ ದುಡಿದನು. ಆದರೂ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರು ಕಳುಹಿಸಿದ್ದನ್ನು ಸಂತೋಷದಿಂದ ತಕ್ಕೊಂಡನು. ಬಡ ಅಜ್ಜಿಯು ಸೆರಗಿನಲ್ಲಿ ಕಟ್ಟಿ ತಂದ ನಾಲ್ಕು ರೊಟ್ಟಿಗಳನ್ನು ನಾವು ಒಲ್ಲೆವೆಂದರೆ ಆಕೆಯ ಪ್ರೀತಿಯನ್ನೇ ಒಲ್ಲೆವೆಂದ ಹಾಗಾಗುವದು. ಹಾಗಾದರೆ ಗುರುತೇನು? ತಕ್ಕೊಂಡ ಮೇಲೆ ಕೊಟ್ಟವನ ಮುಂದೆ ಸತ್ಯವನ್ನು ಆಡಬಲ್ಲೆನೋ? ಸಾಲವಿಲ್ಲದೆ ಮುಯ್ಯಿ ತೀರಿಸಬಲ್ಲೆನೋ? ಹೌದಾದರೆ ತಕ್ಕೊಳ್ಳಿರಿ. ಅಲ್ಲವಾದರೆ ಬರ್ಜಿಲ್ಲೈಯ ಹಾಗೆ ಹರಸಿಕೊಂಡು ನಿಮ್ಮ ಮನೆಗೆ ತಿರುಗಿರಿ.

ಬೆಲೆಯಿಲ್ಲದ ರಕ್ಷಣೆಯನ್ನು ಕರ್ತನ ಕೈಯಿಂದ ಉಚಿತವಾಗಿ ಹೊಂದಿದ ನಾವು ಅದನ್ನು ಮುಯ್ಯಿ ತೀರಿಸಲಾರೆವು. ಆತನು ಕೇಳುವದೂ ಇಲ್ಲ. ಮನುಷ್ಯರಿಗಾದರೋ, ಪ್ರೀತಿಸುವದನ್ನು ಬಿಟ್ಟು ನಮ್ಮ ಮೇಲೆ ಬೇರೆ ಸಾಲವಿರದ ಹಾಗೆ ಆತನೇ ನಮ್ಮನ್ನು ಕಾಯಲಿ. ಆಮೆನ್.