ಟಿಎ ಬಿಲ್ಲಿನ ಮುಂದೆ ಕೂತವನ ಮನಸ್ಸು

ನೌಕರನ ಪ್ರವಾಸ ಬಿಲ್ಲನ್ನು ಪರಿಶೀಲಿಸಲು ಕೂತವನಿಗೆ ತಾನು ಕಳ್ಳನನ್ನು ಹಿಡಿಯಲು ಕೂತಿದ್ದೇನೆ ಎಂಬ ಭಾವನೆ ಬಹಳ ಬೇಗ ಬಂದುಬಿಡುತ್ತದೆ. ಆ ಭಾವನೆ ಬಂದ ಮೇಲೆ ಅವನ ಕಣ್ಣಿಗೆ ತಪ್ಪುಗಳೆಲ್ಲ ಕಾಣುವುದಿಲ್ಲ, ಒಂದೇ ದಿಕ್ಕಿನ ತಪ್ಪುಗಳು ಮಾತ್ರ ಕಾಣುತ್ತವೆ. ಇದನ್ನು ನೀತಿಬೋಧೆಯಾಗಿ ಹೇಳುವುದಕ್ಕಿಂತ ಒಂದು ಬಿಲ್ಲನ್ನೇ ಎದುರಿಗಿಟ್ಟುಕೊಂಡು ನೋಡುವುದು ವಾಸಿ.

ಉದಾಹರಣೆಗೆ, ಬೆಂಗಳೂರಿನ ಒಂದು ಕಂಪನಿಯ ತಂತ್ರಜ್ಞ ಯಂತ್ರ ರಿಪೇರಿಗೆಂದು ಕಲಬುರಗಿ ಕಡೆಗೆ ಹೋಗಿಬಂದ ಎನ್ನೋಣ. ಸೋಮವಾರ ರಾತ್ರಿ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಲಾಡ್ಜ್ ಸೇರಿ, ಟ್ಯಾಕ್ಸಿ ಮಾಡಿಕೊಂಡು ಸೇಡಂನ ಸಿಮೆಂಟ್ ಕಾರ್ಖಾನೆಗೆ ಹೋಗಿಬಂದ. ಬುಧವಾರ ಸಂಜೆ ಏಳಕ್ಕೆ ಕೋಣೆ ಬಿಟ್ಟು, ಗುರುವಾರ ಬೆಳಿಗ್ಗೆ ಏಳಕ್ಕೆ ಬೆಂಗಳೂರಿಗೆ ಮರಳಿದ. ಹೊರಡುವ ಮುನ್ನ 10,000 ರೂಪಾಯಿ ಮುಂಗಡ ಪಡೆದಿದ್ದ. ಅವನು ಕೊಟ್ಟ ಪಟ್ಟಿ ಹೀಗಿದೆ: ಹೋಗುವಾಗ ಬರುವಾಗ ಆಟೊ 180 ಮತ್ತು 180, ಹೋಗುವ ಬಸ್ಸು 1,150, ಲಾಡ್ಜ್ 1,680 ಮತ್ತು 1,680, ಟ್ಯಾಕ್ಸಿ 2,340, ವಾಪಸ್ ಬಸ್ಸು 1,150, ‘ಪ್ರಯಾಣ, ಆನ್‌ಲೈನ್’ 1,162, ದಿನಭತ್ಯೆ ನಾಲ್ಕು ದಿನಕ್ಕೆ 800ರಂತೆ 3,200. ಕೆಳಗೆ ಒಟ್ಟು 12,812 ಎಂದು ಬರೆದಿದ್ದಾನೆ.

ಮೊದಲು ಎರಡೆರಡು ಸಲ ಬಂದ ನಮೂದುಗಳನ್ನು ನೋಡೋಣ. ಎಲ್ಲರೂ ಮಾಡುವ ಕೆಲಸವೆಂದರೆ ಎಕ್ಸೆಲ್‌ನಲ್ಲಿ ಒಂದೇ ಮೊತ್ತದ ಸಾಲುಗಳಿಗೆ ಬಣ್ಣ ಹಚ್ಚಿಸುವುದು. ಬಣ್ಣ ಬೀಳುವುದು ಆಟೊ, ಲಾಡ್ಜ್ ಮತ್ತು ಬಸ್ಸಿನ ಜೋಡಿಗಳ ಮೇಲೆ. ಬಸ್ಸೊಂದು ಹೋಗಲು, ಇನ್ನೊಂದು ಬರಲು ಎಂದು ಯಾರಿಗೂ ಗೊತ್ತಾಗುತ್ತದೆ. ಆಟೊಗೂ ಅದೇ ಮಾತು ಸಲ್ಲಬೇಕು, ಆದರೆ ರಸೀದಿ ಇಲ್ಲದ ಕಾರಣಕ್ಕೆ ಅದರ ಮೇಲೆ ಅನುಮಾನ ಜಾಸ್ತಿ. ಲಾಡ್ಜ್ ಬಾಡಿಗೆಯಂತೂ ಸಿಕ್ಕಿಬಿದ್ದ ಹಾಗೆಯೇ ಕಾಣುತ್ತದೆ. ಊರಿನಲ್ಲಿ ತಂಗಿದ್ದು ಒಂದೇ ರಾತ್ರಿ, ಬಾಡಿಗೆ ಮಾತ್ರ ಎರಡು ದಿನದ್ದು! ಆದರೆ ನಮ್ಮ ಊರುಗಳ ಎಷ್ಟೋ ಲಾಡ್ಜ್‌ಗಳಲ್ಲಿ ದಿನದ ಲೆಕ್ಕ ಶುರುವಾಗುವುದು ಕೋಣೆಗೆ ಕಾಲಿಟ್ಟ ಗಂಟೆಯಿಂದ. ಮಂಗಳವಾರ ಬೆಳಿಗ್ಗೆ ಎಂಟರಿಂದ ಬುಧವಾರ ಸಂಜೆ ಏಳರವರೆಗೆ 35 ಗಂಟೆ. ಇಪ್ಪತ್ನಾಲ್ಕು ದಾಟಿದ ಮೇಲೆ ಎರಡನೇ ದಿನದ ಬಾಡಿಗೆ ಬೀಳುತ್ತದೆ. ಬಿಲ್ಲಿನ ಮೇಲಿರುವ ಒಳಬಂದ ಮತ್ತು ಹೊರಟ ಸಮಯವನ್ನು ಓದಿದರೆ ಸಂದೇಹ ಅಲ್ಲಿಗೇ ಮುಗಿಯಿತು.

ನಿಜವಾದ ಜೋಡಿ ನಮೂದಿಗೆ ಬಣ್ಣವೇ ಬಿದ್ದಿಲ್ಲ. ವಾಪಸ್ ಟಿಕೆಟ್ಟಿನ ಮೇಲೆ ಮುದ್ರಿಸಿದ ದರ 1,150, ತಾರೀಖು ಪ್ರಯಾಣದ್ದು. ಬ್ಯಾಂಕಿನ ಸಂದೇಶದಲ್ಲಿರುವುದು 1,162, ತಾರೀಖು ಬುಕ್ ಮಾಡಿದ ದಿನದ್ದು. ಹನ್ನೆರಡು ರೂಪಾಯಿ ಆನ್‌ಲೈನ್ ಶುಲ್ಕ. ಒಂದು ಟಿಕೆಟ್ಟಿನಿಂದ, ಇನ್ನೊಂದು ಮೊಬೈಲಿನಿಂದ ನೋಡಿ ಬರೆದುಕೊಂಡಾಗ ಒಂದೇ ಖರ್ಚು ಎರಡು ಹೆಸರು, ಎರಡು ತಾರೀಖು, ಎರಡು ಮೊತ್ತ ಪಡೆಯಿತು. ಇದನ್ನು ಹಿಡಿಯಲು ಮೊತ್ತ ಹೋಲಿಸಿದರೆ ಸಾಲದು, ಪ್ರಯಾಣವನ್ನು ಎಣಿಸಬೇಕು. ಮನುಷ್ಯ ಬಸ್ಸು ಹತ್ತಿದ್ದು ಎರಡು ಸಲ, ಬಸ್ಸಿನ ಖರ್ಚು ಮೂರು. ತೆಗೆದುಹಾಕಬೇಕಾದದ್ದು 1,150ರ ಸಾಲು. ಅವನ ಜೇಬಿನಿಂದ ಹೋದದ್ದು 1,162, ಅದು ಉಳಿಯಬೇಕು. ಕಡಿಮೆಯದನ್ನು ಉಳಿಸಿ ಹೆಚ್ಚಿನದನ್ನು ಹೊಡೆದುಹಾಕುವವರಿದ್ದಾರೆ. ಹನ್ನೆರಡೇ ರೂಪಾಯಿ, ನಿಜ. ಆದರೆ ಆ ಹನ್ನೆರಡು ರೂಪಾಯಿ ಕಂಪನಿಯದಲ್ಲ.

ಇನ್ನು ಒಟ್ಟು ಮೊತ್ತ. ಸಾಲುಗಳನ್ನು ಕೂಡಿದರೆ 12,722 ಬರುತ್ತದೆ, ಅವನು ಬರೆದದ್ದಕ್ಕಿಂತ 90 ಕಡಿಮೆ. ಲೆಕ್ಕಪತ್ರದವರಿಗೆ ಗೊತ್ತಿರುವ ಹಳೆಯ ಸುಳಿವೊಂದಿದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇದು ಸುಳಿವಷ್ಟೇ, ಪುರಾವೆಯಲ್ಲ. 90 ರೂಪಾಯಿಯ ಯಾವುದೋ ಖರ್ಚನ್ನು ಬರೆಯಲು ಮರೆತಿದ್ದರೂ ಇದೇ ವ್ಯತ್ಯಾಸ ಬರುತ್ತಿತ್ತು. ಹಾಗಾಗಿ ರಸೀದಿಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಟ್ಯಾಕ್ಸಿ ರಸೀದಿಯಲ್ಲಿರುವುದು 2,430. ಪಟ್ಟಿಗೆ ಬರೆಯುವಾಗ ಅದು 2,340 ಆಯಿತು, ಒಟ್ಟನ್ನು ಮಾತ್ರ ರಸೀದಿಗಳನ್ನೇ ಮುಂದಿಟ್ಟು ಕ್ಯಾಲ್ಕುಲೇಟರಿನಲ್ಲಿ ಕೂಡಿದ್ದ. ಒಟ್ಟು ಹೆಚ್ಚಿದೆ ಎಂದ ಕೂಡಲೇ ಅದನ್ನು ಸಾಲುಗಳ ಮೊತ್ತಕ್ಕೆ ಇಳಿಸಿ ಸಹಿ ಹಾಕುವ ಪರಿಶೀಲಕ ಲೆಕ್ಕ ಸರಿಮಾಡಿದೆ ಎಂದುಕೊಳ್ಳುತ್ತಾನೆ. ವಾಸ್ತವವಾಗಿ ಅವನು ತಪ್ಪನ್ನು ಉಳಿಸಿಕೊಂಡು ಸರಿಯಾದ 90 ರೂಪಾಯಿಯನ್ನು ಅಳಿಸಿರುತ್ತಾನೆ.

ದಿನಭತ್ಯೆಯಲ್ಲಿ ವಿಷಯ ಇನ್ನೂ ಸ್ವಾರಸ್ಯದ್ದು. ಈ ಕಂಪನಿ ಕೇಂದ್ರ ಸರ್ಕಾರದ 2017ರ ಆದೇಶದ ಕ್ರಮವನ್ನೇ ಅನುಸರಿಸುತ್ತದೆ ಎಂದುಕೊಳ್ಳಿ. ಅದರಂತೆ ಕೇಂದ್ರಸ್ಥಾನದಿಂದ ಹೊರಗಿದ್ದ ಅವಧಿ ಆರು ಗಂಟೆಯೊಳಗಿದ್ದರೆ ಶೇ. 30, ಆರರಿಂದ ಹನ್ನೆರಡಾದರೆ ಶೇ. 70, ಅದಕ್ಕೂ ಹೆಚ್ಚಾದರೆ ಪೂರ್ತಿ. ಎಣಿಕೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಸೋಮವಾರ ಮೂರು ಗಂಟೆಗೆ 240, ಮಂಗಳವಾರ ಮತ್ತು ಬುಧವಾರ ಪೂರ್ತಿ 800ರಂತೆ 1,600, ಗುರುವಾರ ಏಳು ಗಂಟೆಗೆ 560. ಒಟ್ಟು 2,400. ತಂತ್ರಜ್ಞ ಕ್ಯಾಲೆಂಡರಿನ ನಾಲ್ಕು ಮನೆಗಳನ್ನು ಎಣಿಸಿ 3,200 ಹಾಕಿದ್ದಾನೆ, ಅದು ತಪ್ಪು. ಆದರೆ ಬಿಗಿ ಪರಿಶೀಲಕನೊಬ್ಬ ಹೊರಟ ಗಂಟೆಯಿಂದ ಎಣಿಸಿ, 58 ಗಂಟೆ, ಅಂದರೆ ಎರಡು ದಿನ ಹತ್ತು ಗಂಟೆ ಎಂದು 2,160 ಮಾಡಬಲ್ಲ. ಲಾಡ್ಜ್‌ಗೆ ಸರಿಹೋಗುವ ಎಣಿಕೆ ಅದು, ಭತ್ಯೆಯ ನಿಯಮಕ್ಕಲ್ಲ. ಗುಣಾಕಾರ ಇಬ್ಬರದೂ ಸರಿಯಾಗಿದೆ, ನಿಯಮವನ್ನು ಇಬ್ಬರೂ ಓದಿಲ್ಲ. ಒಬ್ಬನದನ್ನು ದುರಾಸೆ ಎನ್ನುತ್ತೇವೆ, ಇನ್ನೊಬ್ಬನದನ್ನು ಕಟ್ಟುನಿಟ್ಟು ಎನ್ನುತ್ತೇವೆ.

(ಅದೇ ಆದೇಶ ಊಟದ ರಸೀದಿಗಳನ್ನು ಕೇಳುವ ಬದಲು ಇಡಿಗಂಟು ಕೊಡುತ್ತದೆ. ಹೋಟೆಲಿನಲ್ಲಿ ಖಾಲಿ ಬಿಲ್ಲು ಹರಿದುಕೊಟ್ಟು “ಎಷ್ಟು ಬರ್ಕೋತೀರಾ ಸಾರ್?” ಎಂದು ಕೇಳುವುದನ್ನು ಬಲ್ಲವರಿಗೆ ಇದರ ವಿವೇಕ ಹೊಳೆಯುತ್ತದೆ. ಆದರೆ ಆ ಇಡಿಗಂಟು ಕೆಳಗಿನ ಹಂತಕ್ಕೆ 500, ಮೇಲಿನ ಹಂತಕ್ಕೆ 1,200 ಎಂದು ನಿಗದಿಯಾಗಿತ್ತು. ಹಸಿವಿಗೆ ಹುದ್ದೆ ಇದೆ ಎಂದು ನಂಬಲು ನನಗಂತೂ ಕಾರಣ ಕಾಣದು.)

ಎಲ್ಲ ತಿದ್ದಿದ ಮೇಲೆ ಸಲ್ಲಬೇಕಾದದ್ದು 10,862. ಮುಂಗಡ ಕಳೆದು ಕಂಪನಿಯೇ ಅವನಿಗೆ ಇನ್ನೂ 862 ಕೊಡಬೇಕು. ಈಗ ಬಿಗಿ ಪರಿಶೀಲಕನ ಲೆಕ್ಕ ನೋಡಿ. ಒಂದು ಲಾಡ್ಜ್ ಬಾಡಿಗೆ, ಒಂದು ಆಟೊ ಹೊಡೆದುಹಾಕಿದ. ಟ್ಯಾಕ್ಸಿಯ 90 ಹೋಯಿತು, ಭತ್ಯೆಯಲ್ಲಿ 240 ಹೋಯಿತು. ನಿಜವಾದ ಜೋಡಿ ನಮೂದು ಮಾತ್ರ ಅವನ ಕಣ್ಣಿಗೆ ಬೀಳದೆ ಪಾಸಾಯಿತು. ಅವನ ಮೊತ್ತ 9,822. ಕಲಬುರಗಿಯ ಬಿಸಿಲಿನಲ್ಲಿ ದುಡಿದು ಬಂದವನು ಈಗ 178 ರೂಪಾಯಿ ವಾಪಸ್ ಕಟ್ಟಬೇಕಾದ ಬಾಕಿದಾರ. ಸರಿಯಾದ ಮೊತ್ತಕ್ಕೂ ಇದಕ್ಕೂ ಇರುವ ಅಂತರ ಸಾವಿರದ ಚಿಲ್ಲರೆ ಮಾತ್ರ, ಮೇಲಧಿಕಾರಿಗೆ ಅದು ಅಸಹಜ ಎನಿಸುವುದೂ ಇಲ್ಲ. ಐದು ಸಾಲು ತಪ್ಪಾಗಿದ್ದರೂ ಒಂದು ತಪ್ಪು ಇನ್ನೊಂದನ್ನು ಮುಚ್ಚಿದೆ.

ಇಷ್ಟೆಲ್ಲ ಮಾಡಿದರೂ ಕಾಗದ ಹೇಳದ ಸಂಗತಿಗಳಿವೆ. ಆ ಟ್ಯಾಕ್ಸಿ ಕಾರ್ಖಾನೆಗೇ ಹೋಯಿತೇ ಎಂಬುದನ್ನು ರಸೀದಿ ಹೇಳುವುದಿಲ್ಲ, ಕಾರ್ಖಾನೆಯ ಗೇಟಿನ ದಾಖಲೆ ಹೇಳಬಹುದು. ಅದನ್ನು ಕೇಳುವುದು ತಪ್ಪಲ್ಲ. ಆದರೆ ನಿರ್ದೇಶಕರ ಬಿಲ್ಲಿಗೂ ಅದನ್ನೇ ಕೇಳುವ ಅಭ್ಯಾಸ ಇರಬೇಕು. ಆಕ್ಷೇಪಣೆಯ ಭಾಷೆಯೂ ಮುಖ್ಯ. “ಒಂದೇ ಟಿಕೆಟ್ಟಿಗೆ ಎರಡು ಸಲ ಹಣ ಕೇಳಿದ್ದೀರಿ” ಎಂದು ಬರೆಯುವುದು ತೀರ್ಪು. “5 ಮತ್ತು 6ನೇ ಖರ್ಚು ಒಂದೇ ಪ್ರಯಾಣದ್ದಾಗಿ ಕಾಣುತ್ತವೆ, ಬೇರೆಯಾದರೆ ಎರಡನೇ ಟಿಕೆಟ್ ಕಳುಹಿಸಿ” ಎಂದರೆ ಉತ್ತರಕ್ಕೆ ಜಾಗವಿರುತ್ತದೆ. ಅದೇ ಟಿಪ್ಪಣಿಯಲ್ಲಿ “ಟ್ಯಾಕ್ಸಿಗೆ ನೀವು 90 ರೂಪಾಯಿ ಕಡಿಮೆ ಬರೆದಿದ್ದೀರಿ, ಸೇರಿಸಿದ್ದೇವೆ” ಎಂಬ ಸಾಲೂ ಇರಬೇಕು. ಮುಂದಿನ ತಿಂಗಳು ಇನ್ನೂ ಮೂರು ನಾಲ್ಕು ಜನ ಇದೇ ರೀತಿ ಟಿಕೆಟ್ಟನ್ನೂ ಬ್ಯಾಂಕ್ ಸಂದೇಶವನ್ನೂ ಬೇರೆಬೇರೆಯಾಗಿ ಬರೆದು ತಂದರೆ, ವಿಚಾರಣೆಗೆ ಕರೆಯಬೇಕಾದದ್ದು ಅವರನ್ನಲ್ಲ, ‘ಬಸ್ಸು’ ಮತ್ತು ‘ಆನ್‌ಲೈನ್ ಪಾವತಿ’ ಎಂದು ಎರಡು ಕಲಂ ಇಟ್ಟ ಆ ಫಾರಂ ಅನ್ನು.