ಬಿದ್ದವರನ್ನು ಕಂಡರೆ ನಗು ಏಕೆ ಬರುತ್ತದೆ?



ಕಳೆದ ವಾರ ಮಳೆ ಹಿಡಿದಿತ್ತು. ಬಿಸಿಯೂಟದ ಹೊತ್ತಿನಲ್ಲಿ ನಮ್ಮ ಶಾಲೆಯ ಜಗಲಿ ಮೇಲೆ ಆರನೇ ತರಗತಿಯ ಹುಡುಗಿಯೊಬ್ಬಳು ಜಾರಿ ಬಿದ್ದಳು. ಕೈಯಲ್ಲಿದ್ದ ತಟ್ಟೆ ಠಣ್ಣನೆ ಹಾರಿತು, ಅನ್ನ ಸಾಂಬಾರು ಅವಳ ಲಂಗದ ಮೇಲೆ ಚೆಲ್ಲಿತು. ಸಾಲಿನಲ್ಲಿ ಕೂತಿದ್ದ ಮಕ್ಕಳೆಲ್ಲ ಒಂದು ಕ್ಷಣ ಉಸಿರು ಹಿಡಿದರು. ಎಲ್ಲರ ಕಣ್ಣೂ ಅವಳ ಮುಖದ ಮೇಲೆ. ಅವಳು ಕಣ್ಣು ಪಿಳಿಪಿಳಿ ಬಿಡುತ್ತಾ ಎದ್ದು ಕೂತಳು. ಪೆಟ್ಟೇನೂ ಆಗಿರಲಿಲ್ಲ. ಆಗ ಗೊಳ್ಳೆಂದು ನಗು. ಅವಳೂ ನಕ್ಕಳು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ.

ಮರುದಿನ ಅವಳಿಗೆ 'ಸಾಂಬಾರು' ಎಂದು ಹೆಸರು ಬಿದ್ದಿತ್ತು. ಹಾಜರಿ ಕೂಗುವಾಗಲೂ ಹಿಂದಿನ ಬೆಂಚಿನಿಂದ ಅದೇ ಹೆಸರು, ಅದೇ ನಗು. ಈ ಸಲ ಅವಳು ನಗಲಿಲ್ಲ. ಮೂರನೇ ದಿನ ತಟ್ಟೆ ಹಿಡಿದುಕೊಂಡು ಕೊಠಡಿಯ ಹಿಂಭಾಗಕ್ಕೆ ಹೋಗಿ ಒಬ್ಬಳೇ ಊಟ ಮಾಡುತ್ತಿದ್ದಳು.

ಬಿದ್ದದ್ದು ಒಂದೇ ಸಲ, ಆದರೆ ನಗು ಎರಡು. ಈ ಎರಡರ ನಡುವಿನ ವ್ಯತ್ಯಾಸವೇ ಇಂದಿನ ಚಿಂತನೆ.

ಮೊದಲ ನಗುವನ್ನು ನೋಡೋಣ. ಯಾರಾದರೂ ದಿಢೀರನೆ ಬಿದ್ದರೆ ನಮ್ಮ ಮನಸ್ಸಿಗೆ ಮೊದಲು ಆಗುವುದು ಗಾಬರಿ. ಕೂಡಲೇ ನಾವು ಅವರ ಮುಖ ನೋಡುತ್ತೇವೆ. ರಕ್ತ ಕಂಡರೆ ಓಡಿಹೋಗಿ ಎತ್ತುತ್ತೇವೆ. ಏನೂ ಆಗಿಲ್ಲ ಎಂದು ಗೊತ್ತಾದರೆ ಬಿಗಿ ಹಿಡಿದ ಉಸಿರು ನಗುವಾಗಿ ಹೊರಬೀಳುತ್ತದೆ. ಮೆಕ್‌ಗ್ರಾ ಮತ್ತು ವಾರೆನ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಏನೋ ಎಡವಟ್ಟಾಗಿದೆ, ಆದರೆ ಅಪಾಯವಿಲ್ಲ ಎಂಬ ಎರಡೂ ಅರಿವು ಒಟ್ಟಿಗೆ ಬಂದಾಗ ನಗು ಹುಟ್ಟುತ್ತದೆ. ಬಿದ್ದು ಎದ್ದು ನಗಿಸುವ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ 'ಸ್ಲ್ಯಾಪ್‌ಸ್ಟಿಕ್' ಎನ್ನುತ್ತಾರಲ್ಲ, ಅದು ಮೂಲದಲ್ಲಿ ಹಳೆಯ ನಾಟಕದವರ ಒಂದು ಸಾಧನದ ಹೆಸರು. ಎರಡು ತೆಳು ಮರದ ಪಟ್ಟಿಗಳನ್ನು ಜೋಡಿಸಿದ ಕೋಲು ಅದು. ಅದರಿಂದ ಹೊಡೆದರೆ ಪಟ್ಟಿಗಳು ಒಂದಕ್ಕೊಂದು ಬಡಿದು ದೊಡ್ಡ ಸದ್ದಾಗುತ್ತದೆ, ಏಟು ತಿಂದವನಿಗೆ ಮಾತ್ರ ಅಷ್ಟು ನೋವಾಗದು. ಸದ್ದು ಜೋರು, ನೋವು ಕಮ್ಮಿ. ಆ ಹಾಸ್ಯವೆಲ್ಲ ನಿಂತಿರುವುದು ಈ ಒಪ್ಪಂದದ ಮೇಲೆ.

ಅಂದರೆ ನೋವು ಕಣ್ಣಿಗೆ ಬಿದ್ದರೆ ನಗು ನಿಲ್ಲಬೇಕು. ಆದರೆ ಯಾರ ನೋವು ನಮ್ಮ ಕಣ್ಣಿಗೆ ಬೀಳುತ್ತದೆ, ಯಾರದ್ದು ಬೀಳುವುದಿಲ್ಲ? ಕಷ್ಟ ಇರುವುದು ಇಲ್ಲಿ.

ಚಾರ್ಲಿ ಚಾಪ್ಲಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1917ರ 'ದಿ ಅಡ್ವೆಂಚರರ್' ಚಿತ್ರದಲ್ಲಿ ಅವನು ಮೇಲಿನ ಮೊಗಸಾಲೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿರುತ್ತಾನೆ. ಅದು ಜಾರಿ, ಕೆಳಗೆ ಗತ್ತಿನಿಂದ ಕೂತಿದ್ದ ಶ್ರೀಮಂತ ಹೆಂಗಸಿನ ಮೈಮೇಲೆ ಬೀಳುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ಮರುವರ್ಷ ಒಂದು ಲೇಖನದಲ್ಲಿ ಅವನು ಇದನ್ನು ವಿವರಿಸಿದ. ಅದೇ ಐಸ್‌ಕ್ರೀಮ್ ನೆಲ ಒರೆಸುವ ಬಡ ಹೆಂಗಸಿನ ಮೇಲೆ ಬಿದ್ದಿದ್ದರೆ ಜನ ನಗುತ್ತಿರಲಿಲ್ಲ, ಅಯ್ಯೋ ಪಾಪ ಎನ್ನುತ್ತಿದ್ದರು, ಯಾಕೆಂದರೆ ಅವಳಿಗೆ ಕಳೆದುಕೊಳ್ಳಲು ಗತ್ತೇ ಇಲ್ಲ ಎಂಬುದು ಅವನ ಮಾತಿನ ಸಾರ. ನಗು ಬರುವುದು ಬರೀ ಮೈ ಬಿದ್ದದ್ದಕ್ಕಲ್ಲ, ಘನತೆ ಬಿದ್ದದ್ದಕ್ಕೆ.

ಈ ಮಾತನ್ನು ನಮ್ಮ ಊರುಗಳಿಗೆ ತಂದು ನೋಡಿ. ಇಲ್ಲಿ ಯಾರಿಗೆ ಘನತೆ ಸಲ್ಲುತ್ತದೆ ಎಂಬುದನ್ನು ಜಾತಿ ಮೊದಲೇ ಬರೆದಿಟ್ಟಿದೆ. ಗೌಡರು ಜಾರಿ ಬಿದ್ದರೆ ನಗು ತಡೆದುಕೊಂಡು ಕೈಕೊಡುತ್ತಾರೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು. ನಮ್ಮ ಕೇರಿಯವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟು ಕೆಸರಿಗೆ ಬಿದ್ದರೆ ಹೋಟೆಲಿನ ಬೆಂಚೆಲ್ಲ ನಗುತ್ತದೆ. ಆ ನಗು ಕೆಸರಿಗಲ್ಲ, ಅಂಗಿಗೆ. 'ಇವನಿಗೆ ಇದೆಲ್ಲ ಬೇಕಿತ್ತಾ?' ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಬದಲು ನಕ್ಕು ಹೇಳುತ್ತಾರೆ.

ಈಗ ಒಂದು ಘಟನೆ ಹೇಳುತ್ತೇನೆ. ಬೇಕೆಂದೇ ಅರ್ಧ ಬಿಟ್ಟು ಹೇಳುತ್ತೇನೆ. ಒಬ್ಬ ಬ್ಯಾರಿಸ್ಟರ್ ರೈಲು ಇಳಿದು ಟಾಂಗಾ ಹತ್ತುತ್ತಾರೆ. ಓಡಿಸುವವನಿಗೆ ಟಾಂಗಾ ಓಡಿಸಿ ಅಭ್ಯಾಸವಿಲ್ಲ. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಎದುರಿನ ಮೋಟಾರು ಕಾರಿಗೆ ಗುದ್ದುವುದು ಸ್ವಲ್ಪದರಲ್ಲೇ ತಪ್ಪುತ್ತದೆ. ಮುಂದೆ ಹೊಳೆಯ ಮೋರಿ ಸೇತುವೆಯ ಬಳಿ ಕುದುರೆ ದಾರಿ ತಪ್ಪುತ್ತದೆ, ಚಕ್ರ ಪಕ್ಕದ ಕಲ್ಲಿಗೆ ಬಡಿಯುತ್ತದೆ, ಬ್ಯಾರಿಸ್ಟರ್ ಎಗರಿ ಬೀಳುತ್ತಾರೆ. ಇಷ್ಟನ್ನೇ ಮೂಕಿ ಚಿತ್ರ ಮಾಡಿ ತೋರಿಸಿದರೆ ಚಿತ್ರಮಂದಿರ ನಗುತ್ತದೆ.

ಬಿಟ್ಟ ಅರ್ಧ ಇದು. ಆ ಬ್ಯಾರಿಸ್ಟರ್ ನಮ್ಮ ಬಾಬಾಸಾಹೇಬರು. ದಿನ 1929ರ ಅಕ್ಟೋಬರ್ 23, ಊರು ಚಾಳೀಸ್‌ಗಾಂವ್. ಮುಂಬಯಿ ಸರ್ಕಾರ ಅಸ್ಪೃಶ್ಯರ ಕುಂದುಕೊರತೆ ತಿಳಿಯಲು ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಅವರು ಆ ಕಡೆ ಬಂದಿದ್ದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ತಮ್ಮ ಅತಿಥಿ ನಡೆದು ಬರುವುದು ಅವರ ಘನತೆಗೆ ತಕ್ಕದ್ದಲ್ಲ ಎಂದು ಮಹಾರವಾಡೆಯ ಜನ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ತಮ್ಮಲ್ಲೇ ಒಬ್ಬರನ್ನು ಓಡಿಸಲು ಕೂರಿಸಿದರು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಪ್ರಜ್ಞೆ ತಪ್ಪಿದರು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಅವರ ಕಾಲು ಮುರಿದಿತ್ತು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಈಗ ನಗು ಎಲ್ಲಿ ಹೋಯಿತು? ಬಿದ್ದದ್ದು ಅದೇ ಮನುಷ್ಯ, ಅದೇ ಕಲ್ಲು. ಕಾರಣ ತಿಳಿಯಿತು, ಅಷ್ಟೇ. ಬೀಳುವ ಕ್ಷಣವನ್ನು ಅದರ ಹಿಂದುಮುಂದಿನಿಂದ ಕತ್ತರಿಸಿದರೆ ಅದು ತಮಾಷೆ. ಕಾರಣದೊಂದಿಗೆ ಜೋಡಿಸಿದರೆ ಅದು ದುಃಖ. ಪಟಿಚ್ಚಸಮುಪ್ಪಾದ ಎಂದು ನಾವು ಓದುವುದು ಈ ಜೋಡಣೆಯನ್ನೇ.

ಹಾಗಾದರೆ ನಗುವುದೇ ತಪ್ಪೇ? ಧಮ್ಮ ಹಾಗೆ ಹೇಳುವುದಿಲ್ಲ. ಅಭಿಧಮ್ಮ ಪರಂಪರೆ ನಗುವ ಚಿತ್ತಗಳನ್ನೇ ಎಣಿಸಿ ಇಟ್ಟಿದೆ. ಸಾಮಾನ್ಯ ಮನುಷ್ಯ ಎಂಟು ಬಗೆಯ ಚಿತ್ತದಿಂದ ನಗುತ್ತಾನೆ. ನಾಲ್ಕು ಲೋಭದ ಬೇರಿನವು, ನಾಲ್ಕು ಕುಶಲವಾದವು. ಎಂಟಕ್ಕೂ ಸೋಮನಸ್ಸ, ಅಂದರೆ ಹಿಗ್ಗು ಜೊತೆಗಿರುತ್ತದೆ. ಆದ್ದರಿಂದ ಹೊರಗಿನಿಂದ ನಗು ಒಂದೇ ಥರ ಕಂಡರೂ ಬೇರು ಬೇರೆ. ಮಗುವಿಗೆ ಪೆಟ್ಟಾಗಲಿಲ್ಲ ಎಂಬ ಸಮಾಧಾನದಿಂದ ಬಂದ ನಗು ಕುಶಲವಾಗಿರಬಹುದು.

ಒಂದು ವಿಷಯ ಗಮನಿಸಿ. ಈ ಎಂಟರಲ್ಲಿ ದ್ವೇಷದ ಬೇರಿನ ಚಿತ್ತ ಒಂದೂ ಇಲ್ಲ. ದ್ವೇಷದ ಜೊತೆ ಹಿಗ್ಗು ಹುಟ್ಟುವುದಿಲ್ಲ ಎನ್ನುತ್ತದೆ ಅಭಿಧಮ್ಮ. ಹಾಗಾಗಿ 'ನನಗೆ ಅವಳ ಮೇಲೆ ದ್ವೇಷವೇನಿಲ್ಲ, ಸುಮ್ಮನೆ ನಕ್ಕೆ' ಎಂದು ಹುಡುಗರು ಹೇಳಿದರೆ ಅದು ಸುಳ್ಳಲ್ಲ. ಆದರೆ ಅಲ್ಲಿಗೆ ಅವರು ಪಾರಾಗುವುದಿಲ್ಲ. 'ನಾನು ಮೇಲು, ಅವಳು ಕೆಳಗೆ' ಎಂದು ಅಳೆಯುವ ಮಾನ ಎಂಬ ಚೇತಸಿಕ ಹುಟ್ಟುವುದೂ ಲೋಭದ ಬೇರಿನ ಚಿತ್ತದಲ್ಲೇ. ಎರಡನೇ ನಗುವಿನ ರುಚಿ ಇದು. ಅವರು ಸವಿಯುತ್ತಿದ್ದದ್ದು ಅವಳ ನೋವನ್ನಲ್ಲ, ತಾವು ನೆಟ್ಟಗೆ ನಿಂತಿರುವುದನ್ನು. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದ ಏಣಿಯಲ್ಲಿ ಪ್ರತಿ ಮೆಟ್ಟಿಲಿನವರಿಗೂ ಕೆಳಗಿನವರನ್ನು ನೋಡಿ ಸಿಗುವ ಸುಖವೂ ಇದೇ. ಆ ಏಣಿಯ ಮೇಲೆ ನಮ್ಮವರೂ ನಿಂತಿದ್ದೇವೆ, ನಮ್ಮ ಮನೆಯೊಳಗೂ ಮೆಟ್ಟಿಲುಗಳಿವೆ ಎಂಬುದನ್ನು ಮರೆಯಬಾರದು.

ವಿನಯಪಿಟಕದಲ್ಲಿ ಇದಕ್ಕೊಂದು ನೇರ ನಿಯಮವಿದೆ. ಪಾಚಿತ್ತಿಯ 60. ಹದಿನೇಳು ಮಂದಿ ಎಳೆಯ ಭಿಕ್ಷುಗಳ ಗುಂಪು ತಮ್ಮ ಸಾಮಾನನ್ನು ಎತ್ತಿಡದೆ ಬಿಟ್ಟಿತ್ತು. ಆರು ಮಂದಿಯ ತುಂಟ ಗುಂಪು ಅವರ ಪಾತ್ರೆ, ಚೀವರಗಳನ್ನು ಬಚ್ಚಿಟ್ಟಿತು. ಎಳೆಯರು ಕೊಡಿ ಎಂದು ಕೇಳಿದರು. ಇವರು ನಗುತ್ತಿದ್ದರು, ಅವರು ಅಳುತ್ತಿದ್ದರು. ವಿಷಯ ತಿಳಿದು ಭಗವಾನರು ನಿಯಮ ಮಾಡಿದರು. ಪಾತ್ರೆ, ಚೀವರ, ಆಸನದ ಬಟ್ಟೆ, ಸೂಜಿ ಡಬ್ಬಿ, ಸೊಂಟಪಟ್ಟಿ, ಯಾವುದನ್ನೂ ಬಚ್ಚಿಡುವಂತಿಲ್ಲ, ತಮಾಷೆಗಾದರೂ ಸರಿ. 'ತಮಾಷೆಗೆ ಮಾಡಿದೆ' ಎಂಬುದು ಅಲ್ಲಿ ನೆಪವಾಗಲಿಲ್ಲ. ಒಂದು ಕಡೆ ನಗು, ಇನ್ನೊಂದು ಕಡೆ ಅಳು ಇದ್ದರೆ ಅದು ತಮಾಷೆಯಲ್ಲ. ಅಲ್ಲಲ್ಲಿ ಬಿದ್ದಿದ್ದನ್ನು ಎತ್ತಿಟ್ಟು, ಬುದ್ಧಿ ಹೇಳಿ ಕೊಟ್ಟರೆ ದೋಷವಿಲ್ಲ ಎಂದೂ ಅದೇ ನಿಯಮ ಬಿಟ್ಟುಕೊಟ್ಟಿದೆ. ಮಾಡಿದ ಕೆಲಸ ಒಂದೇ, ಉದ್ದೇಶ ಬೇರೆ.

ನಾಲ್ಕನೇ ದಿನ ನಾನೂ ತಟ್ಟೆ ಹಿಡಿದು ಕೊಠಡಿಯ ಹಿಂದೆ ಹೋಗಿ ಅವಳ ಪಕ್ಕ ಕೂತೆ. ಆಮೇಲೆ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ: 'ಆ ಜಗಲಿ ಮೇಲೆ ಇದುವರೆಗೆ ಯಾರ್ಯಾರು ಜಾರಿದ್ದೀರಿ?' ಹೆಚ್ಚುಕಡಿಮೆ ಎಲ್ಲ ಕೈಗಳೂ ಎದ್ದವು, ನನ್ನದೂ ಸೇರಿ. 'ಮತ್ತೆ ಅಲ್ಲಿ ಯಾಕೆ ಜಾರುತ್ತದೆ?' ಎಂದೆ. ಎಲ್ಲರೂ ಎದ್ದು ನೋಡಿದೆವು. ತಟ್ಟೆ ತೊಳೆಯುವ ನಲ್ಲಿಯ ನೀರು ಮೂಲೆಯಿಂದ ಹರಿದು ಬಂದು, ಅದೇ ಜಾಗದಲ್ಲಿ ಪಾಚಿ ಕಟ್ಟಿತ್ತು. ಹುಡುಗರು ಪಾಚಿ ಕೆರೆದು ಗೋಣಿಚೀಲ ಹಾಸಿದರು. ಹೆಚ್ಚು ಉಜ್ಜಿದವನು ಆ ಹೆಸರಿಟ್ಟವನೇ. ಒಂದಿಬ್ಬರು ಈಗಲೂ ಬಾಯಿತಪ್ಪಿ ಆ ಹೆಸರು ಕರೆಯುತ್ತಾರೆ. ಆದರೆ ಅವಳು ಸಾಲಿಗೆ ಬಂದು ಊಟ ಮಾಡುತ್ತಿದ್ದಾಳೆ.

ಇಂದು ನಿಮ್ಮ ಫೋನಿಗೂ ಯಾರೋ ಬಿದ್ದ ವಿಡಿಯೋ ಒಂದು ಬರಬಹುದು. ಇಂಥ ಬಹಳಷ್ಟು ವಿಡಿಯೋಗಳು ಬಿದ್ದ ತಕ್ಷಣ ಮುಗಿಯುತ್ತವೆ. ಅವರು ಎದ್ದರೋ ಇಲ್ಲವೋ ತೋರಿಸುವುದಿಲ್ಲ. ನಗು ಬಂದರೆ ಬರಲಿ. ಮುಂದಕ್ಕೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಬಿದ್ದವರೂ ಇದನ್ನು ನೋಡಿ ನಗುತ್ತಾರೆಯೇ? ಅವರು ಬಿದ್ದದ್ದು ಯಾಕೆ?